ಪದಚರ್ಚೆ: ಟ್ಯಾಬ್ ‘ಸಸ್ಪೆಂಡ್’, ‘ಸೆಷನ್ ರೀಸ್ಟೋರ್’ – ಸಂಜೆಯೊಳಗೆ ಬೇಕು

ಬಾಗಲಕೋಟೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜು ಗ್ರಂಥಾಲಯದ ಕಂಪ್ಯೂಟರ್‌ಗಳ ಪಕ್ಕ ಅಂಟಿಸಲು ಸೂಚನಾ ಹಾಳೆ ಮಾಡುತ್ತಿದ್ದೇನೆ. ಎಲ್ಲ ಹಳೆಯವು, 4 ಜಿಬಿ ಮೆಮೊರಿ. ಹುಡುಗರು ನಲವತ್ತು ಐವತ್ತು ಟ್ಯಾಬ್ ತೆರೆದಿಟ್ಟು, ಹ್ಯಾಂಗ್ ಆಯಿತು ಅಂತ ಬರುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ಟ್ಯಾಬ್‌ಗಳನ್ನು ಒಟ್ಟುಮಾಡುವುದಕ್ಕೆ ‘ಗುಂಪು’ ಸಾಕು. ಆದರೆ ‘ಸಸ್ಪೆಂಡ್’ ಮತ್ತು ‘ಸೆಷನ್ ರೀಸ್ಟೋರ್’? ಸದ್ಯಕ್ಕೆ ‘ಅಮಾನತು’, ‘ಅಧಿವೇಶನ ಮರುಸ್ಥಾಪನೆ’ ಎಂದು ಬರೆದಿದ್ದೇನೆ. ಪ್ರಿಂಟ್ ಅಂಗಡಿಯವರು ಆರು ಗಂಟೆಗೆ ಬಾಗಿಲು ಹಾಕುತ್ತಾರೆ.

ಬೆಳಗಾವಿಯಿಂದ:
ಎರಡೂ ಬೇಡ. ನಮ್ಮೂರಲ್ಲಿ ಅಧಿವೇಶನ ಅಂದರೆ ಸುವರ್ಣ ವಿಧಾನಸೌಧ, ಪೊಲೀಸ್ ಬಂದೋಬಸ್ತು. ಅಮಾನತು ಅರಬ್ಬಿ ಪದ. ‘ಮಲಗಿಸು’ ಅನ್ನಿ, ಅಚ್ಚಗನ್ನಡ. ಎಡ್ಜ್ ಬ್ರೌಸರಿನಲ್ಲೂ ಟ್ಯಾಬ್ ನಿದ್ದೆ ಹೋಗುತ್ತದೆ ಎಂದೇ ಇದೆ.

ವಿಜಯಪುರದಿಂದ:
ಅರಬ್ಬಿ ಅಂತ ಮೂಗು ಮುರಿಯುವ ಮೊದಲು ಮೂಲ ಅರ್ಥ ನೋಡಿ ಸರ್. ‘ಅಮಾನತ್’ ಅಂದರೆ ಕಾಪಾಡಲೆಂದು ಒಬ್ಬರ ಕೈಗೆ ಒಪ್ಪಿಸಿದ ವಸ್ತು. ಟ್ಯಾಬ್‌ಗಳನ್ನು ಬ್ರೌಸರಿಗೆ ಒಪ್ಪಿಸಿ, ನಾಳೆ ಹಿಂದಕ್ಕೆ ಪಡೆಯುತ್ತೀರಿ, ಅಲ್ವಾ? ಸೆಷನ್ ಉಳಿಸುವುದಕ್ಕೇ ಆ ಪದ ಹೊಂದುತ್ತದೆ. ನೌಕರರನ್ನು ಮನೆಗೆ ಕಳಿಸುವ ಅರ್ಥ ಆಮೇಲೆ ಬಂದದ್ದು.

ಜಮಖಂಡಿಯಿಂದ:
ಮೇಡಂ, ಆ ಅರ್ಥ ಈಗ ಯಾರಿಗೂ ಹೊಳೆಯುವುದಿಲ್ಲ. ಹಾಳೆ ಓದುವ ಹುಡುಗ ತಪ್ಪು ಮಾಡಿದ್ದೇನೋ ಅಂತ ಹೆದರುತ್ತಾನೆ.

‘ಮಲಗಿಸು’ ಅರ್ಧ ಸರಿ. ಇಲ್ಲಿ ಎರಡು ಬೇರೆ ಕೆಲಸಗಳಿವೆ. ಒಂದರಲ್ಲಿ ಟ್ಯಾಬ್ ಮೆಮೊರಿಯಲ್ಲೇ ಇರುತ್ತದೆ, ಅದರ ಓಡಾಟ ಮಾತ್ರ ನಿಲ್ಲುತ್ತದೆ. ಅದು ನಿದ್ದೆ. ಇನ್ನೊಂದರಲ್ಲಿ ಪುಟವನ್ನೇ ಮೆಮೊರಿಯಿಂದ ತೆಗೆದುಹಾಕುತ್ತದೆ. ಮೇಲಿನ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಕ್ಲಿಕ್ ಮಾಡಿದಾಗ ಮತ್ತೆ ನೆಟ್‌ನಿಂದ ತರುತ್ತದೆ. ನೆಟ್ ಇಲ್ಲದಿದ್ದರೆ ಪುಟವೂ ಇಲ್ಲ. 4 ಜಿಬಿ ಯಂತ್ರಕ್ಕೆ ಬೇಕಾದದ್ದು ಈ ಎರಡನೆಯದು. ಫೈರ್‌ಫಾಕ್ಸ್‌ನಲ್ಲಿ 2025ರಲ್ಲಿ, 140ನೇ ಆವೃತ್ತಿಗೆ, ಟ್ಯಾಬ್ ಮೇಲೆ ಬಲ ಕ್ಲಿಕ್ ಮಾಡಿದರೆ `Unload Tab` ಸಿಗುವಂತಾಯಿತು. ಅದು ‘ಇಳಿಸು’. ಗಾಡಿಯಿಂದ ಹೇರು ಇಳಿಸಿದ ಹಾಗೆ. ಇಳಿಯಿತೋ ಇಲ್ಲವೋ ನೋಡಲು `about:processes` ತೆರೆಯಿರಿ. ಯಾವ ಟ್ಯಾಬ್ ಎಷ್ಟು ಮೆಮೊರಿ ತಿನ್ನುತ್ತಿದೆ ಅಲ್ಲೇ ಕಾಣುತ್ತದೆ.

ಒಂದು ಸಾಲು ಕಡ್ಡಾಯವಾಗಿ ಸೇರಿಸಿ: ಅರ್ಧ ತುಂಬಿದ ಅರ್ಜಿ ಇರುವ ಟ್ಯಾಬ್ ಇಳಿಸಬೇಡಿ. ಬರೆದದ್ದು ವಾಪಸ್ ಬರುತ್ತದೆಂಬ ಖಾತ್ರಿ ಇಲ್ಲ.

ಗೋಕಾಕದಿಂದ:
ನನ್ನದೂ ಇದೇ ಗೋಳು. ಎಲ್ಲ ಟ್ಯಾಬ್ ಇದ್ದ ದೊಡ್ಡ ವಿಂಡೋ ಮುಚ್ಚಿದೆ. ಹಿಂದೆ ಸಣ್ಣದೊಂದು ವಿಂಡೋ ಉಳಿದಿತ್ತು, ಅದನ್ನೂ ಮುಚ್ಚಿದೆ. ಮರುದಿನ ಆ ಸಣ್ಣದು ಮಾತ್ರ ತೆರೆಯಿತು. ಗುಂಪು ಮಾಡಿದ್ದರೆ ಉಳಿಯುತ್ತಿತ್ತಾ?

ಜಮಖಂಡಿಯಿಂದ:
ಗುಂಪಿನ ಮಾತಲ್ಲ ಅಣ್ಣಾ. ಕೊನೆಗೆ ಮುಚ್ಚಿದ್ದನ್ನೇ ಬ್ರೌಸರ್ ಹಿಂದಿನ ಸೆಷನ್ ಅಂತ ತಿಳಿಯಿತು. ಫೈರ್‌ಫಾಕ್ಸ್ ಆದರೆ `Ctrl+Shift+N` ಒತ್ತಿ, ಮುಚ್ಚಿದ ವಿಂಡೋ ಬಂದರೂ ಬರಬಹುದು. ಕ್ರೋಮ್‌ನಲ್ಲಿ ಅದೇ ಕೀಲಿ ಖಾಸಗಿ ವಿಂಡೋ ತೆರೆಯುತ್ತದೆ, ಅಲ್ಲಿ `Ctrl+Shift+T` ಒತ್ತಬೇಕು. ಇನ್ನು ಮುಂದೆ ವಿಂಡೋ ಒಂದೊಂದಾಗಿ ಮುಚ್ಚಬೇಡಿ, ಮೆನುವಿನಿಂದ ಪೂರ್ತಿ ಹೊರಬನ್ನಿ.

ಬೆಳಗಾವಿಯಿಂದ:
ಇದು ರಿಪೇರಿ ಅಂಗಡಿಯಲ್ಲ, ಪದದ ಮಾತು ಆಡಿ. ‘ಇಳಿಸು’ ಒಪ್ಪುವುದಿಲ್ಲ. ಕನ್ನಡದಲ್ಲಿ ಫೈಲ್ ‘ಇಳಿಸಿಕೊಳ್ಳುವುದು’ ಡೌನ್‌ಲೋಡ್‌ಗೆ ಆಗಲೇ ಬಂದಿದೆ. ಹುಡುಗರು ಪುಟ ಡೌನ್‌ಲೋಡ್ ಆಗುತ್ತದೆ ಅಂದುಕೊಳ್ಳುತ್ತಾರೆ.

ಜಮಖಂಡಿಯಿಂದ:
ಈ ಆಕ್ಷೇಪಣೆ ಗಟ್ಟಿಯಾಗಿದೆ. ಹಾಗಾದರೆ ‘ಮೆಮೊರಿಯಿಂದ ಇಳಿಸಿ’ ಅಂತ ಪೂರ್ತಿ ಬರೆಯಿರಿ. ‘ಮಲಗಿಸಿ’ ಅಂತೂ ಬೇಡ. ಮಲಗಿದ್ದು ಎದ್ದಾಗ ಇದ್ದ ಹಾಗೇ ಇರಬೇಕು, ಇದು ಹಾಗೆ ಇರುವುದಿಲ್ಲ.

ಸೆಷನ್ ರೀಸ್ಟೋರ್‌ಗೆ ‘ಹಿಂದಿನ ಟ್ಯಾಬ್‌ಗಳನ್ನು ಮತ್ತೆ ತೆರೆಯಿರಿ’ ಅಂದರೆ ಸಾಕು. ಆದರೆ ಗ್ರಂಥಾಲಯದ ಯಂತ್ರದಲ್ಲಿ ಆ ಸಾಲು ಬೇಕೇ ಅಂತ ಮೊದಲು ಯೋಚಿಸಿ. ಫೈರ್‌ಫಾಕ್ಸ್ ಸೆಷನ್ ಮರಳಿ ತರುವಾಗ ಲಾಗಿನ್ ಕುಕೀಗಳನ್ನೂ ತರುತ್ತದೆ. ಬೆಳಿಗ್ಗೆ ಕೂತವನು ಲಾಗೌಟ್ ಮಾಡದೆ ಹೋಗಿದ್ದರೆ, ಮಧ್ಯಾಹ್ನ ಕೂತವನಿಗೆ ಅವನ ಇಮೇಲ್ ತೆರೆದುಕೊಳ್ಳಬಹುದು.

ಬಾಗಲಕೋಟೆಯಿಂದ:
ಇದು ನನಗೆ ಹೊಳೆದಿರಲಿಲ್ಲ. ಆ ಸಾಲು ತೆಗೆದು, ಬೇಕಾದ ಪುಟಗಳ ವಿಳಾಸವನ್ನು ತಮಗೇ ಇಮೇಲ್ ಮಾಡಿಕೊಂಡು ಲಾಗೌಟ್ ಮಾಡಿ ಎಂದು ಹಾಕುತ್ತೇನೆ. ಉಳಿದದ್ದು: ‘ಬೇಡದ ಟ್ಯಾಬನ್ನು ಮೆಮೊರಿಯಿಂದ ಇಳಿಸಿ. ಅರ್ಜಿ ತುಂಬುತ್ತಿದ್ದರೆ ಇಳಿಸಬೇಡಿ.’ ಮೆನುವಿನಲ್ಲಿ ಇಂಗ್ಲಿಷ್ ಇರುವುದರಿಂದ `Unload Tab` ಪಕ್ಕದಲ್ಲೇ ಇರುತ್ತದೆ. ಅಂಗಡಿಗೆ ಹೊರಟೆ.

ಬೆಳಗಾವಿಯಿಂದ:
‘ಮೆಮೊರಿ’ಯನ್ನೂ ಹಾಗೇ ಬಿಟ್ಟಿರಾ? ಎಲ್ಲ ಎರವಲು ತಂದರೆ ಕನ್ನಡಕ್ಕೆ ಉಳಿಯುವುದು ಬರೀ ಪ್ರತ್ಯಯಗಳು.

ವಿಜಯಪುರದಿಂದ:
ಸರ್, ನೀವು ಬರೆದ ‘ಬಂದೋಬಸ್ತು’ ಫಾರ್ಸಿ. ಅದಕ್ಕೆ ಅಚ್ಚಗನ್ನಡ ಕೊಡಿ, ಆಮೇಲೆ ಮೆಮೊರಿಯ ಮಾತು.