ಮೆಲಟೋನಿನ್ ನುಂಗಿದರೂ ರಾತ್ರಿ ಎರಡರವರೆಗೆ ಎಚ್ಚರ

ಗೂಬೆ ಕೇಳಿದ್ದು: ನನಗೆ ರಾತ್ರಿ 2ಕ್ಕೆ ಮೊದಲು ನಿದ್ದೆ ಹತ್ತುವುದಿಲ್ಲ. ರಜೆ ಇದ್ದರೆ ಬೆಳಿಗ್ಗೆ 10ರವರೆಗೆ ಸೊಗಸಾದ ನಿದ್ದೆ. ಆದರೆ ಕೆಲಸದ ದಿನ 7ಕ್ಕೆ ಏಳಬೇಕು. ಒಂದು ವಾರದಿಂದ ರಾತ್ರಿ 11ಕ್ಕೆ 10 ಮಿಲಿಗ್ರಾಂ ಮೆಲಟೋನಿನ್ ನುಂಗುತ್ತಿದ್ದೇನೆ. ನಿದ್ದೆ ಬೇಗ ಬರಲಿಲ್ಲ, ಬೆಳಿಗ್ಗೆ ತಲೆ ಮಾತ್ರ ಭಾರ. ಡೋಸ್ ಇನ್ನೂ ಜಾಸ್ತಿ ಮಾಡಬೇಕಾ? ಬಳಸಿದವರು ಹೇಳಿ.

ತಡವಾಗಿ ಎದ್ದವಳು: ಜಾಸ್ತಿ ಬೇಡ. ನನ್ನದೂ ಇದೇ ಕತೆ, ನಾನೂ ಮೊದಲು ಮಲಗುವ ಹೊತ್ತಿಗೆ 5 ಮಿಲಿಗ್ರಾಂ ನುಂಗುತ್ತಿದ್ದೆ. ನಿದ್ದೆಯ ಡಾಕ್ಟರ್ ಎರಡು ವಾರ ಮಲಗಿದ, ಎದ್ದ ಸಮಯ ಬರೆದಿಡಲು ಹೇಳಿದರು. ಅದನ್ನು ನೋಡಿ ಡೋಸನ್ನು ಅರ್ಧ ಮಿಲಿಗ್ರಾಂಗೆ ಇಳಿಸಿದರು. ಸಮಯವನ್ನು ರಾತ್ರಿ 9ಕ್ಕೆ ತಂದರು, ಅಂದರೆ ನಿದ್ದೆ ತಾನಾಗಿ ಬರುವ ಹೊತ್ತಿಗಿಂತ ಐದು ಗಂಟೆ ಮುಂಚೆ. 1 ಮಿಲಿಗ್ರಾಂ ಮಾತ್ರೆಯನ್ನು ನಡುಗೆರೆಯ ಮೇಲೆ ಮುರಿದು ಅರ್ಧ ತೆಗೆದುಕೊಳ್ಳುತ್ತಿದ್ದೆ.

ಮೊದಲ ನಾಲ್ಕು ದಿನ ಏನೂ ಆಗಲಿಲ್ಲ, ಸುಮ್ನೆ ದುಡ್ಡು ದಂಡ ಅಂದುಕೊಂಡೆ. ಆಮೇಲೆ 1.30ಕ್ಕೇ ಕಣ್ಣು ಎಳೆಯತೊಡಗಿತು. ಆಗ ಮಾತ್ರೆಯನ್ನೂ ಅಲಾರಮ್ಮನ್ನೂ ಅರ್ಧ ಗಂಟೆ ಮುಂಚೆಗೆ ತಂದೆ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ಇರುತ್ತಿದ್ದೆ. ಹೀಗೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ, ತಿಂಗಳಾಗುವಷ್ಟರಲ್ಲಿ 12ಕ್ಕೆ ನಿದ್ದೆ ಬರತೊಡಗಿತು. ಆಮೇಲೆ ಸಾಲು ರಜೆ ಸಿಕ್ಕಿತು. ನಾಲ್ಕು ದಿನ 10ರವರೆಗೆ ಮಲಗಿದೆ, ಅರ್ಧ ದಾರಿ ವಾಪಸ್!

ದಿನಾ ಮೂರು: ನಾನು ಮಲಗುವ ಅರ್ಧ ಗಂಟೆ ಮುಂಚೆ 3 ಮಿಲಿಗ್ರಾಂ ನುಂಗುತ್ತೇನೆ, ಹತ್ತೇ ನಿಮಿಷಕ್ಕೆ ಗೊರಕೆ. ಸಮಯದ ಲೆಕ್ಕವೆಲ್ಲ ಅತಿಯಾಯಿತು. ಆದರೆ ಇದು ಹಾರ್ಮೋನು, ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹ ತನ್ನದನ್ನು ತಯಾರಿಸುವುದೇ ನಿಲ್ಲಿಸುತ್ತದೆ. ಹುಷಾರು.

ಔಷಧಿ ಅಂಗಡಿಯವನು: ಮೊದಲ ಅರ್ಧ ಸರಿ. ಸ್ವಲ್ಪ ಮಂಪರು ಬರಿಸುವ ಗುಣ ಅದಕ್ಕಿದೆ, ನಿಮಗೆ ಅಷ್ಟೇ ಸಾಕಾಗಿರಬಹುದು. ದೇಹ ತನ್ನದನ್ನು ನಿಲ್ಲಿಸುತ್ತದೆ ಅನ್ನುವುದು ಕಡಿಮೆ ಕಾಲದ ಬಳಕೆಯಲ್ಲಿ ಕಂಡುಬಂದಿಲ್ಲ. ವರ್ಷಗಟ್ಟಲೆ ನುಂಗಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾತ್ರ ಮಾಹಿತಿ ತೀರಾ ಕಡಿಮೆ.

ಗೂಬೆಯವರಿಗೆ ಬೇಕಾಗಿರುವುದು ಮಂಪರಲ್ಲ. ಮೆಲಟೋನಿನ್ ಅಂದರೆ ದೇಹದ ಗಡಿಯಾರಕ್ಕೆ ಕತ್ತಲಾಯಿತು ಎಂದು ಮುಟ್ಟಿಸುವ ಸುದ್ದಿ. ನಾವು ಮಲಗುವ ಸುಮಾರು ಎರಡು ಗಂಟೆ ಮುಂಚೆ ಮೆದುಳೇ ಅದನ್ನು ಬಿಡಲು ಶುರು ಮಾಡುತ್ತದೆ. ಇವರಿಗೆ ಅದು ನಡುರಾತ್ರಿ 12ರ ಹೊತ್ತು. 11ಕ್ಕೆ ನುಂಗಿದರೆ ಹೇಗೂ ಬರಲಿದ್ದ ಸುದ್ದಿ ಒಂದು ಗಂಟೆ ಮುಂಚೆ ಬಂತು ಅಷ್ಟೇ. 9ಕ್ಕೆ ನುಂಗಿದರೆ ಗಡಿಯಾರವೇ ಸರಿದು ನಿದ್ದೆ ಬೇಗ ಬರತೊಡಗುತ್ತದೆ.

ಇನ್ನು ಡೋಸ್. ದೇಹ ರಾತ್ರಿ ತಾನೇ ಮುಟ್ಟುವ ಮಟ್ಟಕ್ಕೆ 0.3ರಿಂದ 0.5 ಮಿಲಿಗ್ರಾಂ ಸಾಕು. ರಕ್ತದಲ್ಲಿ ಅದು ಒಂದು ಗಂಟೆಗೊಮ್ಮೆ ಹೆಚ್ಚುಕಡಿಮೆ ಅರ್ಧ ಆಗುತ್ತಾ ಹೋಗುತ್ತದೆ. 10 ನುಂಗಿದರೆ ಬೆಳಗಿನ ಜಾವಕ್ಕೂ ಇನ್ನೂ ಕತ್ತಲೇ ಅನ್ನುವ ಸುದ್ದಿ ಉಳಿದಿರುತ್ತದೆ. ತಲೆಭಾರ ಅಲ್ಲಿಂದಲೇ ಬಂದಿರಬಹುದು. ಬೆಳಿಗ್ಗೆ ಸಿಗುವ ಆ ಸುದ್ದಿ ಗಡಿಯಾರವನ್ನು ಮತ್ತೆ ತಡಕ್ಕೇ ಎಳೆಯಬಹುದು.

ಡಬ್ಬಿಯ ಚೀಟಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. 2017ರಲ್ಲಿ ಪ್ರಕಟವಾದ ಕೆನಡಾದ ಒಂದು ಪರೀಕ್ಷೆಯಲ್ಲಿ 31 ಉತ್ಪನ್ನ ನೋಡಿದ್ದರು. ಒಂದರಲ್ಲಿ ಬರೆದದ್ದಕ್ಕಿಂತ ಶೇ. 83 ಕಡಿಮೆ, ಇನ್ನೊಂದರಲ್ಲಿ ಶೇ. 478 ಹೆಚ್ಚು! ಖಿನ್ನತೆಗೆ, ಗೀಳಿಗೆ ಕೊಡುವ ಫ್ಲುವಾಕ್ಸಮೈನ್ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬೇಡಿ, ರಕ್ತದಲ್ಲಿ ಮೆಲಟೋನಿನ್ ವಿಪರೀತ ಏರುತ್ತದೆ.

ಅಮ್ಮನ ಮಗಳು: ನಮ್ಮಮ್ಮನಿಗೂ ಕೊಡಬಹುದು ಅಂತಾಯ್ತು. ಅವರು 8ಕ್ಕೇ ಮಲಗಿಬಿಡುತ್ತಾರೆ, 3ಕ್ಕೆ ಎಚ್ಚರ. ಎಷ್ಟು ಕೊಡಲಿ?

ಔಷಧಿ ಅಂಗಡಿಯವನು: ಬೇಡ ತಾಯಿ, ಅವರದು ತದ್ವಿರುದ್ಧ ಸಮಸ್ಯೆ. ಗಡಿಯಾರ ಆಗಲೇ ಮುಂಚೆ ಓಡುತ್ತಿದೆ. ಸಂಜೆ ಮಾತ್ರೆ ಕೊಟ್ಟರೆ ಎಚ್ಚರ 3ರ ಬದಲು 2ಕ್ಕೆ ಆಗಬಹುದು. ಸಂಜೆ ದೀಪ ಚೆನ್ನಾಗಿ ಹಾಕಿ, ಅವರನ್ನು ಮಾತಾಡಿಸುತ್ತಾ ಸ್ವಲ್ಪ ಹೊತ್ತು ಎಚ್ಚರ ಇರಿಸಿ ನೋಡಿ. ಜೋರು ಗೊರಕೆ ಇದ್ದು ನಡುವೆ ಉಸಿರು ನಿಂತಂತೆ ಕಂಡರೆ ಡಾಕ್ಟರಿಗೆ ತೋರಿಸಿ, ಅದನ್ನು ಈ ಮಾತ್ರೆ ಸರಿಮಾಡುವುದಿಲ್ಲ.

ತಡವಾಗಿ ಎದ್ದವಳು: ಚಿಂತೆಯಿಂದ ನಿದ್ದೆ ಕೆಟ್ಟವರಿಗೂ ಇದರಿಂದ ಅಂಥ ಉಪಯೋಗ ಕಾಣಲಿಲ್ಲ. ನಮ್ಮಣ್ಣ ತಿಂಗಳು ನುಂಗಿದ. ಹಾಸಿಗೆಗೆ ಹೋದರೆ ಸಾಕು, ಲೆಕ್ಕಾಚಾರ ಶುರು. ಕೊನೆಗೆ ಕೆಲಸಕ್ಕೆ ಬಂದದ್ದು ನಿದ್ದೆಗೆಂದೇ ಇರುವ ಸಿಬಿಟಿ, ಅಂದರೆ ಯೋಚನೆ, ಅಭ್ಯಾಸ ತಿದ್ದುವ ಚಿಕಿತ್ಸೆ. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು, ಏಳುವ ಸಮಯ ಮಾತ್ರ ಬದಲಾಗಬಾರದು, ಅಂಥವು.

ಗೂಬೆ: ಅರ್ಥ ಆಯಿತು, ಡೋಸ್ ಇಳಿಸುತ್ತೇನೆ. ಒಂದೇ ತೊಡಕು. ರಾತ್ರಿ 9ಕ್ಕೆ ನಾನು ಗಾಡಿ ಓಡಿಸುತ್ತಾ ಮನೆ ಕಡೆ ಹೊರಟಿರುತ್ತೇನೆ.

ದಿನಾ ಮೂರು: ಅರ್ಧ ಮಿಲಿಗ್ರಾಂಗೆ ಯಾರೂ ತೂಕಡಿಸಲ್ಲ, ನುಂಗಿ ಹೊರಡಿ.

ಔಷಧಿ ಅಂಗಡಿಯವನು: ದಯವಿಟ್ಟು ಹಾಗೆ ಮಾಡಬೇಡಿ. ಅರ್ಧವೇ ಆದರೂ ನಿಮ್ಮ ಮೈಗೆ ಹೇಗೆ ಹಿಡಿಸುತ್ತದೆ ಅಂತ ಮೊದಲು ಮನೆಯಲ್ಲಿ ಕೂತು ನೋಡಬೇಕು. ಮನೆ ಮುಟ್ಟುವುದು ಎಷ್ಟಕ್ಕೆ?

ಗೂಬೆ: 9.45.

ಔಷಧಿ ಅಂಗಡಿಯವನು: ಹಾಗಾದರೆ 10ಕ್ಕೆ ಶುರು ಮಾಡಿ. 9ರಷ್ಟು ಎಳೆಯದೇ ಇರಬಹುದು, 11ಕ್ಕಿಂತ ವಾಸಿ. ಬೆಳಗಿನ ಬೆಳಕು ತಪ್ಪಿಸಬೇಡಿ.