ಕಾಫಿ ಕುಡಿದು ತಕ್ಷಣ ಮಲಗೋದು: ನಿದ್ದೆ ಡಾಕ್ಟ್ರನ್ನ ಕೇಳಿ

ಸವಿತಾ, ಮದ್ದೂರು: ಮೇಡಂ, ನಮ್ಮೆಜಮಾನ್ರು ರಾತ್ರಿ ಹೊತ್ತು ಮೈಸೂರಿಂದ ಬೆಂಗಳೂರು ಏರ್‌ಪೋರ್ಟ್‌ಗೆ ಟ್ಯಾಕ್ಸಿ ಓಡಿಸ್ತಾರೆ. ಕಾಫಿ ಕುಡಿದು 20 ನಿಮಿಷ ಮಲಗಿದ್ರೆ ನಾಕು ಗಂಟೆ ನಿದ್ದೆಗೆ ಸಮ ಅಂತ ಯಾರೋ ಮೆಸೇಜ್ ಕಳಿಸವ್ರೆ, ಅದನ್ನ ನಂಬ್ಕೊಂಡು ಹಗಲೊತ್ತು ಮಲಗೋದೇ ಕಮ್ಮಿ ಮಾಡವ್ರೆ. ನಿಜನಾ?

ಡಾ. ವಸುಧಾ, ಮೈಸೂರು: ನಾಕು ಗಂಟೆಗೆ ಸಮ ಅನ್ನೋದು ಶುದ್ಧ ಸುಳ್ಳು, ಹಗಲು ನಿದ್ದೆ ಇವತ್ತಿಂದಲೇ ಮೊದಲಿನಷ್ಟು ಮಾಡೋಕೆ ಹೇಳಿ. ಆದ್ರೆ ಕಾಫಿ ಕುಡಿದು ಮಲಗೋದು ಕೆಲಸ ಮಾಡೋದು ನಿಜ. ಇಂಗ್ಲೆಂಡಿನ ಲಫ್‌ಬರೋ ಯೂನಿವರ್ಸಿಟಿಯವರು 1997ರಲ್ಲಿ ನಿದ್ದೆಗೆಟ್ಟೋರನ್ನ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಗಾಡಿ ಓಡಿಸಿ ನೋಡಿದ್ರು. ಬರೀ ಕಾಫಿ ಕುಡಿದೋರಿಗಿಂತ, ಕಾಫಿ ಕುಡಿದು 15 ನಿಮಿಷದೊಳಗಿನ ಒಂದು ಸಣ್ಣ ನಿದ್ದೆ ತೆಗೆದೋರು ಲೇನ್ ಬಿಟ್ಟು ಹೋಗಿದ್ದು ತುಂಬಾ ಕಮ್ಮಿ.

ಯಾಕಂದ್ರೆ ಕುಡಿದ ಕಾಫಿ ಹೊಟ್ಟೆ ದಾಟಿ ಕರುಳಿಗೆ ಹೋಗಿ ರಕ್ತಕ್ಕೆ ಸೇರಿ ಮಿದುಳು ಮುಟ್ಟೋಕೆ 20-30 ನಿಮಿಷ ಬೇಕು. ನಾವು ಎಚ್ಚರ ಇದ್ದಷ್ಟೂ ಮಿದುಳಲ್ಲಿ ಅಡೆನೋಸಿನ್ ಅನ್ನೋದು ಸೇರ್ಕೊತಾ ಹೋಗುತ್ತೆ, ತೂಕಡಿಕೆ ತರ್ಸೋದು ಅದೇ. ಅದು ಹೋಗಿ ಕೂರೋ ಜಾಗದಲ್ಲೇ ಕೆಫೀನೂ ಕೂರ್ಬೇಕು. ಕಾಫಿ ಬರೋ ದಾರಿಲಿ ಇರೋವಾಗ್ಲೇ ಸ್ವಲ್ಪ ಮಲಗಿದ್ರೆ ಒಂದಷ್ಟು ಜಾಗ ಖಾಲಿ ಆಗಿರುತ್ತೆ, ಕೆಫೀನ್ ಬಂದು ಕೂತ್ಕೊಳುತ್ತೆ. ಅದೇ ಒಂದು ಗಂಟೆ ಮಲಗಿಬಿಟ್ರೆ ಗಾಢ ನಿದ್ದೆಗೆ ಇಳಿದಿರ್ತಾರೆ, ಮಧ್ಯದಲ್ಲಿ ಎಬ್ಬಿಸಿದ್ರೆ ಅರ್ಧ ಗಂಟೆ ತಲೆ ಮಂಕು. ಸಣ್ಣ ನಿದ್ದೆ ದೊಡ್ಡ ನಿದ್ದೆನ ಮೀರಿಸೋದು ಇಷ್ಟರ ಮಟ್ಟಿಗೆ ಮಾತ್ರ, ಎದ್ದ ತಕ್ಷಣದ ಒಂದೆರಡು ಗಂಟೆಗೆ. ರಾತ್ರಿ ನಿದ್ದೆಯ ಸಾಲ ಇದರಿಂದ ತೀರಲ್ಲ.

ಮಂಜು, ಪಾಂಡವಪುರ: ಅಂದ್ರೆ ಕಾಫಿ ಆ ಕೆಮಿಕಲ್‌ನ ಕರಗಿಸ್ಬಿಡುತ್ತೆ ಅಷ್ಟೇ ತಾನೆ ಮೇಡಂ.

ಡಾ. ವಸುಧಾ: ಇಲ್ಲ ಮಂಜು ಅವ್ರೇ. ಕರಗಿಸೋದು ನಿದ್ದೆ. ಕಾಫಿ ಬರೀ ಜಾಗ ಹಿಡ್ಕೊಂಡು ಕೂರುತ್ತೆ, ಅದು ಎದ್ದು ಹೋದ್ಮೇಲೆ ತೂಕಡಿಕೆ ವಾಪಸ್ ಬರುತ್ತೆ.

ಪದ್ಮಾ: ನಮ್ಮನೆಯವ್ರು ಸಾಯಂಕಾಲ ಆರು ಗಂಟೆಗೆ ಕುಡಿದು ಮಲಗ್ತಾರೆ, ಪರವಾಗಿಲ್ವಾ?

ಡಾ. ವಸುಧಾ: ಬೇಡ. ಕುಡಿದಿದ್ರಲ್ಲಿ ಅರ್ಧದಷ್ಟು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತೆ.

ಸವಿತಾ: ಹಂಗಾದ್ರೆ ಅವ್ರು ಹೆಂಗೆ ಮಾಡ್ಬೇಕು ಹೇಳಿ ಮೇಡಂ, ವಾಪಸ್ ಬರೋವಾಗ ಬೆಳಗ್ಗಿನ ಜಾವ ಮೂರೂವರೆ ಆಯ್ತದೆ.

ಡಾ. ವಸುಧಾ: ಆ ಹೊತ್ತು ಮೈ ತಾನಾಗೇ ಕುಗ್ಗಿರುತ್ತೆ, ಅದಕ್ಕೇ ಕಣ್ಣು ಎಳೆಯೋ ತನಕ ಕಾಯ್ಬಾರದು. ಹಿಂದೆ ಬಿಟ್ಟ ನಾಕು ಕಿಲೋಮೀಟರ್ ನೆನಪಿಲ್ಲ ಅನ್ಸಿದ್ರೆ, ಸುಮ್ಸುಮ್ನೆ ಆಕಳಿಕೆ ಬಂದ್ರೆ, ಬಿಳಿ ಗೆರೆ ಮೇಲೆ ಚಕ್ರ ಹತ್ತಿದ್ರೆ ಗಾಡಿ ನಿಲ್ಸೋ ಟೈಮ್ ಆಯ್ತು ಅಂತ. ಹೈವೇ ಪಕ್ಕದಲ್ಲಿ ನಿಲ್ಸೋದು ಖಂಡಿತ ಬೇಡ, ಹಿಂದಿಂದ ಲಾರಿ ಬಂದು ಗುದ್ದುತ್ತೆ. ಸರ್ವಿಸ್ ರೋಡಿಗೆ ಇಳಿದು ಲೈಟಿರೋ ಪೆಟ್ರೋಲ್ ಬಂಕ್‌ಗೆ ಹಾಕ್ಲಿ. ಮನೆಯಿಂದಲೇ ಫ್ಲಾಸ್ಕಲ್ಲಿ ಸ್ಟ್ರಾಂಗ್ ಕಾಫಿ ಕೊಟ್ಟು ಕಳಿಸಿ. ತೀರಾ ಬಿಸಿ ಇದ್ರೆ ಊದ್ಕೊಂಡು ಕುಡಿಯೋದ್ರಲ್ಲೇ ಕಾಲು ಗಂಟೆ ಹೋಗಿ ಲೆಕ್ಕ ತಪ್ಪುತ್ತೆ, ಗಟಗಟ ಕುಡಿಯೋ ಹದಕ್ಕಿರ್ಲಿ. ಲೋಟ ಕೆಳಗಿಟ್ಟ ತಕ್ಷಣ 20 ನಿಮಿಷಕ್ಕೆ ಅಲಾರಂ, ಸೀಟು ಹಿಂದಕ್ಕೆ ಬಗ್ಗಿಸಿ ಕಣ್ಣು ಮುಚ್ಚೋದು. ನಿದ್ದೆ ಹತ್ತಲೇ ಇಲ್ಲ ಅಂದ್ರೂ ಚಿಂತೆ ಬೇಡ, ಜೊಂಪು ಹತ್ತಿದ್ರೂ ಉಪಯೋಗ ಇದೆ. ಎದ್ದು ಹತ್ತು ನಿಮಿಷ ಇಳಿದು ಓಡಾಡಿ ಆಮೇಲೆ ಸ್ಟೇರಿಂಗ್ ಹಿಡೀಲಿ.

ಒಂದು ಟ್ರಿಪ್ಪಿಗೆ ಇದು ಒಂದೇ ಸಲ. ಅದೇ ಟ್ರಿಪ್ಪಲ್ಲಿ ಎರಡನೇ ಸಲ ತೂಕಡಿಕೆ ಬಂತಂದ್ರೆ ಗಾಡಿ ನಿಲ್ಸಿ ಮಲಗಲೇಬೇಕು. ಅವ್ರು ಗೊರಕೆ ಹೊಡೀತಾರಾ?

ಬಸವರಾಜು: ಫ್ಲಾಸ್ಕ್ ಕಾಫಿಲಿ ಏನಿರುತ್ತೆ ಮೇಡಂ, ಅರ್ಧ ಚಿಕೋರಿ. ಚಿಕೋರಿಲಿ ಕೆಫೀನೇ ಇಲ್ಲ. ಪ್ಯೂರ್ ಪುಡಿನೇ ಬೇಕು.

ಮಂಜು: ಚಿಕೋರಿ ಇಲ್ದಿದ್ರೆ ಅದು ಕಾಫಿನಾ ಅಣ್ಣ? ನಮ್ ತಾತನ ಕಾಲದಿಂದ ಚಿಕೋರಿನೇ ಕುಡಿದು ರಾತ್ರಿ ಗದ್ದೆಗೆ ನೀರು ಕಟ್ಟಿಲ್ವಾ.

ಬಸವರಾಜು: ತಾತನ ವಿಷ್ಯ ಯಾಕೆ ಬಂತು ಇಲ್ಲಿ. ರೋಬಸ್ಟಾ ಅರೇಬಿಕಾ ಗೊತ್ತಿಲ್ದೆ ಮಾತಾಡ್ಬೇಡಿ, ರೋಬಸ್ಟಾಲಿ ಹೆಚ್ಚುಕಮ್ಮಿ ಡಬಲ್ ಇರುತ್ತೆ.

ಮಂಜು: ನೀವೇನು ಎಸ್ಟೇಟ್ ಓನರ್ರಾ?

ಡಾ. ವಸುಧಾ: ಇಬ್ರೂ ಸಾಕು ಮಾಡಿ. ಬಸವರಾಜು ಹೇಳಿದ್ದು ಸರಿನೇ. ಲಫ್‌ಬರೋದಲ್ಲಿ ಕೊಟ್ಟಿದ್ದು ಚೆನ್ನಾಗೇ ಕೆಫೀನ್ ಇರೋ ಕಾಫಿ. ಹೋಟ್ಲಿನ ಬೈಟು ಕಾಫಿಲಿ ಅಷ್ಟು ಬರೋ ಮಾತೇ ಇಲ್ಲ, ಗಟ್ಟಿ ಡಿಕಾಕ್ಷನ್ ಜಾಸ್ತಿ ಹಾಕಿದ ದೊಡ್ಡ ಲೋಟ ಬೇಕು.

ಗ್ರೂಪ್ ಮೆಂಬರ್: 🙏 ಕಾಫಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಹಾಕಿ ಕುಡಿದರೆ ಮೂರು ದಿನ ನಿದ್ದೆ ಬೇಡ. ಹತ್ತು ಜನರಿಗೆ ಕಳಿಸಿ 🙏

ಡಾ. ವಸುಧಾ: ಯಾರಿಗೂ ಕಳಿಸ್ಬೇಡಿ. ಮೂರು ದಿನ ನಿದ್ದೆ ಇಲ್ದೆ ಗಾಡಿ ಹತ್ತಿದ ಮನುಷ್ಯ ತಾನೂ ಸಾಯ್ತಾನೆ, ಎದುರಿಗೆ ಬರೋರನ್ನೂ ಸಾಯಿಸ್ತಾನೆ. ಇದನ್ನ ಅಡ್ಮಿನ್ ಡಿಲೀಟ್ ಮಾಡಿ.

ಶಶಿಕಲಾ: ಮೇಡಂ ಮಗ ಹತ್ತನೇ ಕ್ಲಾಸು, ರಾತ್ರಿ ಓದೋಕೆ ಹಿಂಗೆ ಕೊಡಬಹುದಾ? ನನಗೆ ಬಿಪಿ ಮಾತ್ರೆನೂ ಇದೆ, ನಾನೂ ಮಾಡ್ಲಾ?

ಡಾ. ವಸುಧಾ: ಮಗನಿಗೆ ಬೇಡ. ರಾತ್ರಿ ಮಲಗಲಿ.

ಸವಿತಾ: ಗೊರಕೆ ಕೇಳ್ಬೇಡಿ ಮೇಡಂ, ಪಕ್ಕದ ಮನೆಯವ್ರಿಗೂ ಕೇಳ್ತದೆ. ಒಂದೊಂದ್ಸಲ ಗೊರಕೆ ಗಪ್ಪಂತ ನಿಂತೋಯ್ತದೆ, ಉಸ್ರೇ ಇರಕಿಲ್ಲ, ಆಮೇಲೆ ಬುಸ್ ಅಂತ ಎಗರಿ ಬೀಳ್ತಾರೆ. ಮೊದ್ಲು ಹಗಲು ಏಳು ಗಂಟೆ ಮಲಗ್ತಿದ್ರು, ಆಗ್ಲೂ ಎದ್ರೆ ತಲೆನೋವು ಅನ್ನೋರು. ಸಿಗ್ನಲ್ಲಲ್ಲಿ ನಿಂತಾಗ್ಲೂ ತೂಕಡಿಸ್ತಾರಂತೆ.

ಡಾ. ವಸುಧಾ: ಸವಿತಾ ಅವ್ರೇ, ಈಗ ಕಾಫಿ ವಿಷ್ಯ ಬಿಡಿ. ನೀವು ಹೇಳ್ತಿರೋದು ಸ್ಲೀಪ್ ಆಪ್ನಿಯಾ ಇದ್ದಂಗಿದೆ. ಮಲಗಿದಾಗ ಗಂಟಲ ದಾರಿ ಮುಚ್ಚಿ ಉಸಿರು ನಿಲ್ಲುತ್ತೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತೆ, ಹಿಂಗೇ ಮತ್ತೆ ಮತ್ತೆ ಆಗ್ತಾ ಇದ್ರೆ ಏಳು ಗಂಟೆ ಮಲಗಿದ್ರೂ ಗಾಢ ನಿದ್ದೆ ಕೈಗೆ ಹತ್ತಲ್ಲ. ಅದಕ್ಕೇ ತಲೆನೋವು, ಅದಕ್ಕೇ ಸಿಗ್ನಲ್ಲಲ್ಲಿ ಕಣ್ಣು ಮುಚ್ಚೋದು. ಮೇಲಿಂದ ಕಾಫಿ ಕೊಟ್ರೆ ಇನ್ನೂ ಸ್ವಲ್ಪ ದೂರ ಓಡಿಸಬಹುದು ಅನ್ನೋ ಧೈರ್ಯ ಬರುತ್ತೆ, ಖಾಯಿಲೆ ಅಲ್ಲೇ ಉಳಿಯುತ್ತೆ. ಕಾಫಿ ಕುಡಿದು ಮಲಗೋದು ಒಂದು ರಾತ್ರಿ ನಿದ್ದೆ ಕೆಟ್ಟ ಆರೋಗ್ಯವಂತನಿಗೆ. ಚೆನ್ನಾಗಿ ಮಲಗಿದ ದಿನವೂ ತೂಕಡಿಸೋರಿಗೆ ಅಲ್ಲ. ಅವ್ರು ಮಲಗಿದಾಗ ಉಸಿರು ನಿಲ್ಲೋದನ್ನ ಫೋನಲ್ಲಿ ವಿಡಿಯೋ ಮಾಡ್ಕೊಳಿ, ಡಾಕ್ಟ್ರಿಗೆ ತೋರ್ಸಿ, ಸ್ಲೀಪ್ ಸ್ಟಡಿ ಮಾಡಿಸ್ಬೇಕು. ಅದಾಗೋ ತನಕ ರಾತ್ರಿ ಗಾಡಿ ಬೇಡ.

ಬಸವರಾಜು: ಗೊರಕೆ ಎಲ್ರೂ ಹೊಡೀತಾರೆ ಮೇಡಂ, ಸುಮ್ನೆ ಹೆದರಿಸ್ಬೇಡಿ ಪಾಪ.

ಡಾ. ವಸುಧಾ: ಗೊರಕೆ ಎಲ್ರೂ ಹೊಡೀತಾರೆ, ಉಸಿರು ಎಲ್ರಿಗೂ ನಿಲ್ಲಲ್ಲ. ಓದಿ ಮಾತಾಡಿ.

ಸವಿತಾ: ಗಾಡಿ ಲೋನ್ ಇದೆ ಮೇಡಂ, ನಾನೇಳಿದ್ರೆ ಕೇಳಕಿಲ್ಲ. ಇವತ್ತು ರಾತ್ರಿನೂ ಬುಕಿಂಗ್ ಐತೆ.

ಪದ್ಮಾ: ಮೇಡಂ ಆರು ಗಂಟೆ ಬೇಡ ಅಂದ್ರಿ, ಐದೂವರೆ ಆದ್ರೆ?

ಡಾ. ವಸುಧಾ: ಪದ್ಮಾ ಅವ್ರೇ, ಬೇಡ. ಸವಿತಾ, ಇವತ್ತಿನ ಬುಕಿಂಗ್ ಬೇರೆ ಡ್ರೈವರ್‌ಗೆ ಕೊಡಿಸಿ, ಹಗಲು ಟ್ರಿಪ್ ಹಿಡಿಯೋದೂ ಪರೀಕ್ಷೆ ಆದ್ಮೇಲೆ ನೋಡೋಣ. ಅವ್ರು ನಿಮ್ ಮಾತು ಕೇಳಲ್ಲ ಅಂದ್ರೆ ಫೋನ್ ಅವ್ರ ಕೈಗೇ ಕೊಡಿ, ಏಳು ಗಂಟೆ ಒಳಗೆ ನನಗೆ ಕಾಲ್ ಮಾಡಿ, ನಾನೇ ಮಾತಾಡ್ತೀನಿ. ನಂಬರ್ ಇನ್‌ಬಾಕ್ಸ್‌ಗೆ ಹಾಕಿದೀನಿ.