ಪದಚರ್ಚೆ: ‘ಮುಂದಿನ ಸೊನ್ನೆ’ ಅಂದರೆ ಯಾವ ಕಡೆಯದು?

ಕಲಬುರಗಿಯಿಂದ, ಪ್ರಶ್ನೆ

ಎಲ್ಲರಿಗೂ ಶರಣು. ನಾನಿಲ್ಲಿ ಡಿಪ್ಲೊಮಾ ಹುಡುಗರಿಗೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಅಭ್ಯಾಸದ ಹಾಳೆಗಳನ್ನು ಕನ್ನಡದಲ್ಲೇ ಬರೆದು ಕೊಡುತ್ತೇನೆ. ಕಳೆದ ವಾರ ನಾನು ಬರೆದ ಒಂದು ಪದ ಅರ್ಧ ಕ್ಲಾಸಿನ ದಾರಿ ತಪ್ಪಿಸಿತು.

ಲೆಕ್ಕ ಇದು: ಒಂದು ಸಂಖ್ಯೆಯಿಂದ k ಅಂಕಿಗಳನ್ನು ತೆಗೆದು ಹಾಕಿ, ಉಳಿದವುಗಳ ಕ್ರಮ ಬದಲಿಸದೆ, ಆದಷ್ಟು ಚಿಕ್ಕ ಸಂಖ್ಯೆ ಉಳಿಸಬೇಕು. ಎಡಗಡೆಯಿಂದ ಒಂದೊಂದೇ ಅಂಕಿಯನ್ನು ಸ್ಟ್ಯಾಕ್ ಮೇಲೆ ಇಡುತ್ತಾ ಹೋಗುತ್ತೇವೆ. ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ, ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಸಿಗುತ್ತದೆ. ಹೊಸ ಅಂಕಿಗಿಂತ ಮೇಲಿರುವ ಅಂಕಿ ದೊಡ್ಡದಿದ್ದರೆ ಅದನ್ನು ತೆಗೆದು ಬಿಸಾಕಬೇಕು. k ಮುಗಿಯುವ ತನಕ ಹೀಗೇ.

```
st = []
for d in s:
    while st and k > 0 and st[-1] > d:
        st.pop()
        k -= 1
    st.append(d)
```

ಕೊನೆಯಲ್ಲಿ ನಾನು ಬರೆದದ್ದು: “ಉತ್ತರದ ಮುಂದಿನ ಸೊನ್ನೆಗಳನ್ನು ಅಳಿಸಿ.” 30200ರಲ್ಲಿ ಒಂದು ಅಂಕಿ ತೆಗೆಯಬೇಕು ಅಂದುಕೊಳ್ಳಿ. 3ರ ನಂತರ 0 ಬಂದ ಕೂಡಲೇ 3 ಹೋಗುತ್ತದೆ, 0200 ಉಳಿಯುತ್ತದೆ. ಉತ್ತರ 200. ಆದರೆ ಅರ್ಧ ಹುಡುಗರು `lstrip('0')` ಬದಲು `rstrip('0')` ಹಾಕಿ 02 ತಂದರು. ನನ್ನ ಮಾತು ತಪ್ಪಾ, ಅವರ ಓದು ತಪ್ಪಾ?

ಬೀದರ್‌ನಿಂದ

ಹುಡುಗರ ತಪ್ಪಿಲ್ಲ ಮೇಡಂ. ನಾನು ಮೂವತ್ತು ವರ್ಷ ಗಣಿತ ಹೇಳಿದವನು. “ಒಂದರ ಮುಂದೆ ಸೊನ್ನೆ ಹಾಕಿದರೆ ಹತ್ತು” ಅಂತಲೇ ಹೇಳಿಕೊಟ್ಟಿದ್ದೇನೆ. ಆ ಸೊನ್ನೆ ಇರುವುದು ಬಲಗಡೆ. ಬರೆಯುತ್ತಾ ಹೋಗುವ ಕೈಗೆ ಬಲಗಡೆಯೇ ಮುಂದೆ. ಬಸ್ಸಿನ ಮುಂದಿನ ಸೀಟು ಅಂದರೆ ಮೊದಲ ಸೀಟು, ಮುಂದಿನ ಸ್ಟಾಪ್ ಅಂದರೆ ಇನ್ನೂ ಬರಬೇಕಾದದ್ದು. ಎರಡೂ ಸರಿಯಾದ ಕನ್ನಡವೇ. ನೀವು ಸೀಟಿನ ಅರ್ಥದಲ್ಲಿ ಬರೆದಿರಿ, ಹುಡುಗರು ಸ್ಟಾಪಿನ ಅರ್ಥದಲ್ಲಿ ಓದಿದರು. ‘ಎಡಗಡೆಯ ಸೊನ್ನೆ’ ಅಂತ ಬರೆಯಿರಿ.

ಕಲಬುರಗಿಯಿಂದ, ಇನ್ನೊಬ್ಬರು

‘ಎಡಗಡೆಯ’ ಸರಿ ಅನಿಸುತ್ತದೆ. ಆದರೆ ಇದಕ್ಕೆ ಸ್ಟ್ಯಾಕ್ ಯಾಕೆ ಬೇಕು ಅಕ್ಕಾ? ದೊಡ್ಡ ಅಂಕಿಗಳನ್ನು ತೆಗೆಯಿರಿ ಅಂದರೆ ಸಾಕಲ್ವಾ? ನಮ್ಮ ಪಿನ್ ಕೋಡ್ 585101 ತಗೊಳ್ಳಿ. ಮೂರು ತೆಗೆಯಬೇಕು ಅಂದರೆ 8, 5, 5 ಹೋಗಿ 101 ಉಳಿಯುತ್ತದೆ.

ಬೀದರ್‌ನಿಂದ

ಪಿನ್ ಕೋಡಿನಲ್ಲಿ ನಿಮ್ಮ ಉತ್ತರ ಸರಿ ಬಂದಿದೆ, ಮಾತು ಸರಿಯಿಲ್ಲ. 329ರಲ್ಲಿ ಒಂದು ತೆಗೆದು ನೋಡಿ. ದೊಡ್ಡದು 9, ತೆಗೆದರೆ 32. 3 ತೆಗೆದರೆ 29. ಅಂಕಿ ಎಷ್ಟು ದೊಡ್ಡದು ಅನ್ನುವುದಲ್ಲ, ತನ್ನ ಬಲಕ್ಕೆ ಬಂದದ್ದಕ್ಕಿಂತ ದೊಡ್ಡದಾ ಅನ್ನುವುದು ಮುಖ್ಯ. ಎಡಗಡೆಯ ಸ್ಥಾನಕ್ಕೆ ಬೆಲೆ ಜಾಸ್ತಿ. ಅಲ್ಲಿ ಚಿಕ್ಕದು ಬಂದು ಕೂತರೆ ಬಲಗಡೆ 9 ಇದ್ದರೂ ಪರವಾಗಿಲ್ಲ. ಪಿನ್ ಕೋಡಿನಲ್ಲೂ ಸ್ಟ್ಯಾಕ್ ಮಾಡುವುದು ಇದನ್ನೇ: 5 ಬಂದಾಗ 8 ಹೋಯಿತು, 1 ಬಂದಾಗ ಕೆಳಗಿನ ಎರಡೂ 5 ಹೋದವು.

ಯಾದಗಿರಿಯಿಂದ

ದಯವಿಟ್ಟು ಸೊನ್ನೆ ಅಳಿಸುವುದನ್ನು ಕಲಿಸಬೇಡಿ. ನಾನು ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಖಾತೆ ನಂಬರುಗಳನ್ನು ಎಕ್ಸೆಲ್‌ನಲ್ಲಿ ಹಾಕಿದಾಗ ಎಡಗಡೆಯ ಸೊನ್ನೆಗಳೆಲ್ಲ ಮಾಯವಾದವು. ಎರಡು ದಿನ ಕೂತು ತಿದ್ದಿದೆ. ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿಟ್ಟುಕೊಳ್ಳಬೇಕಿತ್ತು.

ಕಲಬುರಗಿಯಿಂದ, ಕೇಳಿದವರು

ಯಾದಗಿರಿಯ ಅಣ್ಣಾರೆ, ನಿಮ್ಮ ತೊಂದರೆ ನಿಜ. ಖಾತೆ ನಂಬರು ಬರೀ ಅಂಕಿಗಳ ಸಾಲು, ಅಲ್ಲಿ ಸೊನ್ನೆಯೂ ಗುರುತು. ನಮ್ಮ ಲೆಕ್ಕದಲ್ಲಿ ಸಾಲು ಕೊನೆಗೆ ಸಂಖ್ಯೆಯಾಗುತ್ತದೆ, ಆಗ 0200ಕ್ಕೂ 200ಕ್ಕೂ ಒಂದೇ ಬೆಲೆ. ಹಾಳೆಯಲ್ಲಿ ‘ಅಂಕಿಸಾಲು’, ‘ಸಂಖ್ಯೆ’ ಅಂತ ಬೇರೆ ಬೇರೆ ಬರೆಯುತ್ತೇನೆ.

ಸರ್, ‘ಎಡಗಡೆಯ’ ಅಂದರೂ ಒಂದು ತೊಡಕಿದೆ. 1020ರಲ್ಲಿ 2ರ ಎಡಗಡೆಯೂ ಸೊನ್ನೆ ಇದೆ, ಅದನ್ನು ಮುಟ್ಟಬಾರದು. ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: “ಎಡತುದಿಯಿಂದ ಶುರು ಮಾಡಿ, ಸೊನ್ನೆಯಲ್ಲದ ಅಂಕಿ ಸಿಗುವ ತನಕ ಇರುವ ಸೊನ್ನೆಗಳನ್ನು ಅಳಿಸಿ. ಎಲ್ಲವೂ ಸೊನ್ನೆಯಾಗಿದ್ದರೆ ಒಂದು ಸೊನ್ನೆ ಉಳಿಸಿ.”

ಇನ್ನೊಂದು ಸಾಲೂ ಅದೇ ಹಾಳೆಯಲ್ಲಿದೆ. 1359ರ ಹಾಗೆ ಅಂಕಿಗಳು ಏರುತ್ತಲೇ ಹೋದರೆ ಸ್ಟ್ಯಾಕ್‌ನಿಂದ ಏನೂ ಹೋಗುವುದಿಲ್ಲ, k ಹಾಗೇ ಉಳಿಯುತ್ತದೆ. ಆಗ ಉಳಿದಷ್ಟನ್ನು ಬಲಗಡೆಯಿಂದ ಕತ್ತರಿಸಬೇಕು. k ಎರಡಾದರೆ ಉತ್ತರ 13. ಇದಕ್ಕೆ ನಾನು “ಹಿಂದಿನಿಂದ ತೆಗೆಯಿರಿ” ಅಂತ ಬರೆದಿದ್ದೆ.

ಬೀದರ್‌ನಿಂದ

‘ಹಿಂದಿನಿಂದ’ ಕೂಡ ಅದೇ ಜಾತಿಯ ಪದ, ‘ಬಲತುದಿಯಿಂದ’ ಮಾಡಿ. ಆದರೆ ‘ಎಡತುದಿ’ ನನ್ನ ಕಿವಿಗೆ ಪುಸ್ತಕದ ಮಾತು ಅನಿಸುತ್ತದೆ. ‘ಬೆಲೆಯಿಲ್ಲದ ಸೊನ್ನೆ’ ಆಗಬಹುದಾ?

ಕಲಬುರಗಿಯಿಂದ, ಇನ್ನೊಬ್ಬರು

ಹಾಗಂದರೆ 1020ರ ನಡುವಿನ ಸೊನ್ನೆಯನ್ನೂ ನಮ್ಮ ಹುಡುಗರು ಅಳಿಸುತ್ತಾರೆ ಸರ್. ನಾನು ‘ಎಡತುದಿ’ ಕಡೆಗೇ.